ಕನಸಿನ ಬೆಟ್ಟ, ಎಚ್ಚರದ ಮೆಟ್ಟಿಲು

ನಮ್ಮ ಸೀಮೆಯ ಜನರಿಗೆ ಎತ್ತರದ ಪರಿಚಯ ಹೊಸದಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಮೆಟ್ಟಿಲುಗಳನ್ನು ಭರತ ಹುಣ್ಣಿಮೆಗೋ ಯುಗಾದಿಗೋ ಒಮ್ಮೆಯಾದರೂ ಹತ್ತಿದವರೇ ಬಹಳ. ಕೂಡ್ಲಿಗಿ ಕಡೆಯವರಿಗೆ ಗುಡೇಕೋಟೆಯ ಬಂಡೆಗುಡ್ಡಗಳು ಕಣ್ಣಿನ ಮುಂದೆಯೇ ಇವೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವ್ರತಸ್ಥನಾದ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿದು ಕೆಳಕ್ಕೆ ಬೀಳುವ ಕ್ಷಣವನ್ನು ಉಸಿರು ಬಿಗಿಹಿಡಿದು ನೋಡಿದವರೂ ನಮ್ಮಲ್ಲಿ ಕಡಿಮೆಯಿಲ್ಲ. ಹಗಲಿನಲ್ಲಿ ಕಂಡ ಈ ಎತ್ತರಗಳು ರಾತ್ರಿಯ ಕನಸಿನಲ್ಲಿ ಮರಳಿ ಬರುವುದು ಸಹಜವೇ ಆಗಿದೆ.

ನನ್ನ ಚಿಕಿತ್ಸಾಲಯಕ್ಕೆ ನಿದ್ರೆಯ ತೊಂದರೆ ಹೇಳಿಕೊಂಡು ಬರುವವರಲ್ಲಿ ಹಲವರು ಕೊನೆಗೆ ಸಂಕೋಚದಿಂದ ಒಂದು ಮಾತನ್ನು ಸೇರಿಸುತ್ತಾರೆ: "ಕನಸಿನಾಗ ಮೆಟ್ಟಿಲು ಹತ್ತಾಕ ಹತ್ತಿರ್ತೀನಿ ಡಾಕ್ಟ್ರೇ, ಎಷ್ಟು ಹತ್ತಿದ್ರೂ ಮುಗಿಯಂಗಿಲ್ಲ." ಇದನ್ನು ಹೇಳುವಾಗ ಅವರ ಮುಖದಲ್ಲಿರುವುದು ಕುತೂಹಲವಲ್ಲ, ಭಯ. ಏರುವ ಕನಸು ಬಿದ್ದರೆ ಒಳಿತು, ಬೀಳುವ ಕನಸು ಬಿದ್ದರೆ ಕೇಡು ಎಂಬ ನಂಬಿಕೆ ಮನೆಮನೆಯಲ್ಲಿದೆ. ಅರ್ಧಕ್ಕೆ ನಿಂತ ಕನಸಿಗೆ ಏನು ಫಲ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ವೈದ್ಯನಾಗಿ ನಾನು ಹೇಗೆ ಉತ್ತರಿಸುತ್ತೇನೆ, ಒಮ್ಮೆ ಹೇಗೆ ತಪ್ಪು ಉತ್ತರ ಕೊಟ್ಟೆ ಎಂಬುದನ್ನು ಈ ಲೇಖನದಲ್ಲಿ ನಿವೇದಿಸುತ್ತೇನೆ.

ಶಾಸ್ತ್ರ ಏನನ್ನು ಹೇಳುತ್ತದೆ?

ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಲಾಗಿದೆ. ಕಣ್ಣಿನಿಂದ ಕಂಡದ್ದು ಮರಳಿ ತೋರುವುದು ದೃಷ್ಟ. ಕಿವಿಯಿಂದ ಕೇಳಿದ್ದು ತೋರುವುದು ಶ್ರುತ. ಇತರ ಇಂದ್ರಿಯಗಳಿಂದ ಅನುಭವಿಸಿದ್ದು ತೋರುವುದು ಅನುಭೂತ. ಮನಸ್ಸು ಬಯಸಿದ್ದು ತೋರಿದರೆ ಪ್ರಾರ್ಥಿತ, ಮನಸ್ಸು ಕಲ್ಪಿಸಿಕೊಂಡದ್ದು ತೋರಿದರೆ ಕಲ್ಪಿತ. ಮುಂದಾಗುವುದನ್ನು ಸೂಚಿಸುವುದು ಭಾವಿಕ. ವಾತ, ಪಿತ್ತ, ಕಫಗಳ ಏರುಪೇರಿನಿಂದ ಹುಟ್ಟುವುದು ದೋಷಜ. ಇವುಗಳಲ್ಲಿ ಮೊದಲ ಐದಕ್ಕೆ ಫಲವಿಲ್ಲವೆಂದು ವೈದ್ಯನು ತಿಳಿಯಬೇಕು ಎಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಹಗಲಿನಲ್ಲಿ ಬಿದ್ದ ಕನಸು, ಅತಿ ಚಿಕ್ಕ ಕನಸು, ಅತಿ ದೀರ್ಘ ಕನಸು ಇವೂ ನಿಷ್ಫಲವೇ. ಕನಸೆಲ್ಲ ಶಕುನವೆಂದು ನಂಬುವವರು ಈ ಮಾತನ್ನು ಗಮನಿಸಬೇಕು. ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ವೈದ್ಯರು ಕನಸುಗಳ ಬಹುಪಾಲನ್ನು ಶಕುನದ ಪಟ್ಟಿಯಿಂದ ಹೊರಗಿಟ್ಟಿದ್ದರು.

ಏರುವ ಕನಸಿನ ವಿಷಯದಲ್ಲಿ ಎರಡು ಉಲ್ಲೇಖಗಳು ಮುಖ್ಯ. ಬೆಟ್ಟ, ಉಪ್ಪರಿಗೆ, ಫಲಬಿಟ್ಟ ಮರ ಇವುಗಳನ್ನು ಏರುವ ಕನಸು ಧನಲಾಭಕ್ಕೂ ರೋಗಶಮನಕ್ಕೂ ಸೂಚಕವೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಜನರ ಬಾಯಲ್ಲಿರುವ ನಂಬಿಕೆಗೆ ಇಂಥ ಮಾತುಗಳ ಬೆಂಬಲವಿದೆ. ಆದರೆ ಅಷ್ಟಾಂಗ ಹೃದಯದ ಶಾರೀರಸ್ಥಾನದಲ್ಲಿ ವಾಗ್ಭಟರು ಬೇರೊಂದು ದಾರಿಯಿಂದ ಇದೇ ಕನಸನ್ನು ನೋಡಿದ್ದಾರೆ. ವಾತ ಪ್ರಕೃತಿಯವರು ನಿದ್ರೆಯಲ್ಲಿ ಬೆಟ್ಟಗಳಿಗೆ, ಮರಗಳಿಗೆ, ಆಕಾಶಕ್ಕೆ ಹೋಗುತ್ತಾರೆಂದು ಅವರು ಹೇಳುತ್ತಾರೆ. ಪಿತ್ತದವರಿಗೆ ಬೆಂಕಿ, ಮಿಂಚು ಕಾಣುತ್ತವೆ. ಕಫದವರಿಗೆ ತಾವರೆಯ ಕೊಳ, ಮೋಡ ಕಾಣುತ್ತವೆ. ಇಲ್ಲಿ ಬೆಟ್ಟ ಭವಿಷ್ಯದ ಸೂಚನೆಯಲ್ಲ, ಕನಸು ಕಾಣುವವನ ದೇಹಸ್ವಭಾವದ ಗುರುತು. ಚಿಕಿತ್ಸೆ ಮಾಡುವವನಿಗೆ ಈ ಎರಡನೆಯ ದಾರಿಯೇ ಉಪಯುಕ್ತ. ವಾತವು ಚಲನೆಯ ತತ್ತ್ವ. ರಾತ್ರಿ ಜಾಗರಣೆ, ಒಣ ಆಹಾರ, ಹೊತ್ತು ತಪ್ಪಿದ ಊಟ, ಎಡೆಬಿಡದ ಚಿಂತೆ ಇವುಗಳಿಂದ ಅದು ಕೆರಳುತ್ತದೆ. ಕೆರಳಿದ ವಾತದ ನಿದ್ರೆ ತೆಳುವಾಗಿರುತ್ತದೆ.

ಗಾಢವಲ್ಲದ ನಿದ್ರೆಯಲ್ಲಿರುವಾಗ ಮನುಷ್ಯ ಕನಸು ಕಾಣುತ್ತಾನೆಂದು ಚರಕರು ಹೇಳಿರುವುದು ಇಲ್ಲಿ ನೆನಪಾಗುತ್ತದೆ. ಆಧುನಿಕ ವಿಜ್ಞಾನ ಇದೇ ಕ್ಷೇತ್ರವನ್ನು ಯಂತ್ರಗಳಿಂದ ಅಳೆದದ್ದು ಬಹಳ ಈಚೆಗೆ. 1953ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ಸಂಶೋಧಕರು ನಿದ್ರೆಯ ನಡುನಡುವೆ ಮುಚ್ಚಿದ ರೆಪ್ಪೆಗಳೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಅವಧಿಗಳನ್ನು ವರದಿ ಮಾಡಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಸ್ಪಷ್ಟವಾದ ಕನಸನ್ನು ಹೇಳುತ್ತಾರೆ. ಸುಮಾರು ತೊಂಬತ್ತು ನಿಮಿಷಗಳಿಗೊಮ್ಮೆ ಬರುವ ಈ ಅವಧಿ ಬೆಳಗಿನ ಜಾವ ಸಮೀಪಿಸಿದಂತೆ ಉದ್ದವಾಗುತ್ತದೆ. ಅದೇ ಹೊತ್ತಿನಲ್ಲಿ ಕೈಕಾಲುಗಳ ಸ್ನಾಯುಗಳು ಪೂರ್ತಿ ಸಡಿಲವಾಗಿ, ಮಿದುಳು ಆಜ್ಞೆ ಮಾಡಿದರೂ ಕದಲದಂತೆ ಇರುತ್ತವೆ. ಕನಸಿನಲ್ಲಿ ಹತ್ತಬೇಕೆಂಬ ಇಚ್ಛೆಯಿದೆ, ಕಾಲು ಮಾತ್ರ ಏಳದು ಎಂಬ ಅನುಭವಕ್ಕೆ ಇದೊಂದು ಕಾರಣವಿರಬಹುದೆಂದು ವಿವರಿಸಲಾಗುತ್ತದೆ. ಕಾಲು ಏಳದಿರುವುದು ದೈವದ ತಡೆಯಲ್ಲ, ಮಲಗಿದ ದೇಹದ ಸಹಜ ಸ್ಥಿತಿ.

ನಾನು ಮಾಡಿದ ತಪ್ಪು

ಇಷ್ಟನ್ನು ತಿಳಿದಿದ್ದೂ ನಾನೊಮ್ಮೆ ತಪ್ಪಿದ್ದೇನೆ. ಹಲವು ವರ್ಷಗಳ ಹಿಂದೆ ಹಗರಿಬೊಮ್ಮನಹಳ್ಳಿ ಕಡೆಯ ಅರವತ್ತೊಂದು ವಯಸ್ಸಿನ ರೈತರೊಬ್ಬರು ಬಂದಿದ್ದರು. ಮೆಕ್ಕೆಜೋಳದ ಚೀಲ ಹೊತ್ತು ಕಡಿದಾದ ಮೆಟ್ಟಿಲು ಹತ್ತುತ್ತಿರುವಂತೆ ಅವರಿಗೆ ಕನಸು ಬೀಳುತ್ತಿತ್ತು. ಅರ್ಧಕ್ಕೆ ಉಸಿರು ಕಟ್ಟಿ ಎಚ್ಚರವಾಗುತ್ತಿತ್ತು. ಕೃಶ ದೇಹ, ಒಣ ಚರ್ಮ, ತೆಳು ನಿದ್ರೆ. ಇದು ವಾತದ ಕನಸೆಂದು ನಿರ್ಧರಿಸಿ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಲು ಹೇಳಿ, ಆಹಾರದ ಕ್ರಮ ತಿಳಿಸಿ ಕಳುಹಿಸಿದೆ.

ಹತ್ತು ದಿನಗಳ ನಂತರ ಅವರು ಮಗನೊಡನೆ ಮತ್ತೆ ಬಂದರು. ಈ ಸಲ ಮಗ ಹೇಳಿದ ಮಾತು ನನ್ನನ್ನು ಎಚ್ಚರಿಸಿತು: "ಅಪ್ಪಾರು ರಾತ್ರಿ ಎದ್ದು ಕುಂತ್ರೆ ಕಾಲು ತಾಸು ಆದ್ರೂ ಉಸಿರು ಹತೋಟಿಗೆ ಬರಂಗಿಲ್ಲ ಡಾಕ್ಟ್ರೇ. ಎರಡು ತಲೆದಿಂಬು ಇಟ್ಕಂಡೇ ಮಕ್ಕಂತಾರೆ." ಆಗ ನಾನು ಅವರ ಪಾದಗಳನ್ನು ನೋಡಿದೆ. ಕಣಕಾಲಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಮಾಳಿಗೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತೀರಾ ಎಂದು ಕೇಳಿದಾಗ, ಎರಡು ತಿಂಗಳಿಂದ ಹಾಗಾಗುತ್ತಿದೆ, ವಯಸ್ಸಾಯಿತಲ್ಲ ಎಂದರು. ಅದೇ ದಿನ ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ಇ.ಸಿ.ಜಿ. ಮತ್ತು ಎಕೋ ಪರೀಕ್ಷೆ ಮಾಡಿ, ಹೃದಯವು ರಕ್ತವನ್ನು ನೂಕುವ ಶಕ್ತಿ ಕುಗ್ಗಿದೆ ಎಂದು ತಿಳಿಸಿದರು. ಚಿಕಿತ್ಸೆ ಆರಂಭವಾಗಿ ಮೈಯ ನೀರು ಇಳಿದ ಮೇಲೆ ಅವರಿಗೆ ಚಪ್ಪಟೆಯಾಗಿ ಮಲಗಲು ಸಾಧ್ಯವಾಯಿತು. ಕನಸೂ ನಿಂತಿತು.

ಇಲ್ಲಿ ನಡೆದದ್ದೇನು? ಮಲಗಿದಾಗ ಕಾಲುಗಳಲ್ಲಿ ಸೇರಿದ್ದ ನೀರು ರಕ್ತಕ್ಕೆ ಮರಳಿ ಬಂದು, ಬಳಲಿದ ಹೃದಯಕ್ಕೆ ಹೊರೆಯಾಗಿ, ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಉಸಿರು ಕಟ್ಟುತ್ತದೆ. ನಿದ್ರೆಯಲ್ಲಿರುವ ಮನಸ್ಸು ಆ ಏದುಸಿರಿಗೆ ತನಗೆ ತಿಳಿದ ಒಂದು ಚಿತ್ರವನ್ನು ಹೊಂದಿಸಿಕೊಂಡಿತೆಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಬದುಕೆಲ್ಲ ಚೀಲ ಹೊತ್ತವರಿಗೆ ಏದುಸಿರೆಂದರೆ ಚೀಲ ಮತ್ತು ಮೆಟ್ಟಿಲು. ಅಂದರೆ ಮೆಟ್ಟಿಲಿನಿಂದ ಉಸಿರು ಕಟ್ಟಿದ್ದಲ್ಲ. ಉಸಿರು ಕಟ್ಟಿದ್ದರಿಂದ ಮೆಟ್ಟಿಲು ಕಂಡಿತು. ಅವರ ಕನಸು ನಿಜವಾಗಿಯೂ ದೋಷಜವೇ ಆಗಿತ್ತು. ನಾನು ದೋಷವನ್ನು ಹುಡುಕಿದ ಜಾಗ ಮಾತ್ರ ತಪ್ಪಾಗಿತ್ತು. ಹತ್ತು ದಿನಗಳ ಆ ವಿಳಂಬ ಇಂದಿಗೂ ನನ್ನನ್ನು ಕಾಡುತ್ತದೆ.

ಅಂದಿನಿಂದ ಏರುವ ಕನಸು ಹೇಳಿಕೊಂಡು ಯಾರೇ ಬಂದರೂ ಮೊದಲು ದೇಹದ ಪ್ರಶ್ನೆಗಳನ್ನೇ ಕೇಳುತ್ತೇನೆ. ಎಚ್ಚರವಾದ ಮೇಲೆ ಉಸಿರು ಎಷ್ಟು ಹೊತ್ತಿಗೆ ಸರಿಹೋಗುತ್ತದೆ? ಭಯದಿಂದ ಬಂದ ಏದುಸಿರು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಎದ್ದು ಕುಳಿತರೂ ಬಹಳ ಹೊತ್ತು ಇಳಿಯದಿದ್ದರೆ ಅದು ಭಯ ಮಾತ್ರವಲ್ಲ. ಹಗಲಿನಲ್ಲಿ ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆಯೇ? ಸಂಜೆಗೆ ಪಾದ ಊದುತ್ತವೆಯೇ? ಮಲಗಿದಾಗ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ, ಮತ್ತೆ ದಡಕ್ಕನೆ ಎಳೆದುಕೊಳ್ಳುವುದನ್ನು ಮನೆಯವರು ನೋಡಿದ್ದಾರೆಯೇ? ಈಚೆಗೆ ಹೊಸ ಮಾತ್ರೆ ಆರಂಭವಾಗಿದೆಯೇ? ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂತಹ ಮಾತ್ರೆಗಳಿಂದ ಕೆಲವರಿಗೆ ಬಹಳ ಸ್ಪಷ್ಟವಾದ, ಹೆದರಿಸುವ ಕನಸುಗಳು ಬೀಳುವುದುಂಟು. ಹಾಗೆಂದು ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸುವುದು ಹೃದಯಕ್ಕೆ ಅಪಾಯಕಾರಿ. ಬರೆದುಕೊಟ್ಟ ವೈದ್ಯರಿಗೆ ವಿಷಯ ತಿಳಿಸಿದರೆ ಅವರು ತಕ್ಕ ಬದಲಾವಣೆ ಮಾಡುತ್ತಾರೆ. ಈ ಪ್ರಶ್ನೆಗಳಲ್ಲಿ ಒಂದಕ್ಕೂ ಹೌದೆಂಬ ಉತ್ತರ ಬಾರದಿದ್ದರೆ ಮಾತ್ರ ನಾನು ಕನಸಿನ ಒಳಗೆ ಹೋಗುತ್ತೇನೆ.

ಮೇಲೆ ಯಾರಿದ್ದಾರೆ?

ಹಾಗೆ ಒಳಗೆ ಹೋದ ಒಂದು ಪ್ರಸಂಗವನ್ನು ವಿವರವಾಗಿ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಿಂದ ಇಪ್ಪತ್ತಾರು ವರ್ಷದ ಹೆಣ್ಣುಮಗಳನ್ನು ಅವಳ ತಾಯಿ ಕರೆತಂದಿದ್ದರು. ಪದವಿ ಮುಗಿಸಿ ಸರ್ಕಾರಿ ಹುದ್ದೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಳು. ಎರಡು ತಿಂಗಳಿಂದ ವಾರಕ್ಕೆ ಮೂರು ಸಲ ಒಂದೇ ಕನಸು. ಉಚ್ಚಂಗಿದುರ್ಗದ ಮೆಟ್ಟಿಲುಗಳನ್ನು ಪುಸ್ತಕದ ಚೀಲ ಹೊತ್ತು ಹತ್ತುತ್ತಿದ್ದಾಳೆ. ಹತ್ತಿದಂತೆಲ್ಲ ಮೆಟ್ಟಿಲು ಕಿರಿದಾಗುತ್ತವೆ. ಹಿಂತಿರುಗಿ ನೋಡಿದರೆ ಕೆಳಗೆ ಮೆಟ್ಟಿಲುಗಳೇ ಇಲ್ಲ. ಕಾಲು ಏಳುವುದಿಲ್ಲ. ಅಂಗೈ ಬೆವೆತು, ಎದೆ ಡವಗುಟ್ಟಿ ಎಚ್ಚರವಾಗುತ್ತದೆ. ಆಗ ಬೆಳಗಿನ ನಾಲ್ಕು ಗಂಟೆಯ ಆಸುಪಾಸು. ಯಾರೋ ಹಿರಿಯರು ಇದನ್ನು ಕೇಳಿ, ಮೇಲೇರಲು ಹೋದರೆ ಬೀಳುತ್ತಾಳೆ, ಈ ವರ್ಷ ಪರೀಕ್ಷೆ ಬೇಡ ಎಂದಿದ್ದರು. ಅರ್ಜಿ ಸಲ್ಲಿಸಲು ಒಂಬತ್ತು ದಿನ ಉಳಿದಿತ್ತು. ಅವಳು ಸಲ್ಲಿಸದಿರಲು ನಿಶ್ಚಯಿಸಿಬಿಟ್ಟಿದ್ದಳು.

ನಾವು ಕಾರಣಿಕದ ನಾಡಿನವರು. ಎತ್ತರಕ್ಕೇರಿದವನೊಬ್ಬ ನುಡಿದು ಬಿದ್ದರೆ ಆ ನುಡಿಯಿಂದ ಮಳೆ ಬೆಳೆಗಳನ್ನು ಎಣಿಸುವ ಸಂಸ್ಕಾರ ನಮ್ಮದು. ಆದರೆ ಮೈಲಾರದ ಕಾರಣಿಕ ವ್ರತ ಹಿಡಿದವನು ಲೋಕಕ್ಕಾಗಿ, ಜನಸ್ತೋಮದ ನಡುವೆ ಆಡುವ ನುಡಿ. ನಿದ್ರೆಗೆಟ್ಟ ಹುಡುಗಿಯ ಬೆಳಗಿನ ಜಾವದ ಕನಸಿಗೆ ಅದೇ ಅಧಿಕಾರವನ್ನು ಕೊಡುವುದು ಆ ಪರಂಪರೆಗೂ ಒಪ್ಪುವುದಲ್ಲ. ಇದನ್ನೇ ಆ ತಾಯಿಗೆ ಹೇಳಿದೆ. ಕೆಟ್ಟ ಕನಸನ್ನು ಯಾರಿಗೂ ಹೇಳಬಾರದು, ಮೂರು ರಾತ್ರಿ ದೇವಾಲಯದಲ್ಲಿ ತಂಗಬೇಕು ಎಂದು ಸುಶ್ರುತ ಸಂಹಿತೆ ವಿಧಿಸಿರುವುದನ್ನೂ ತಿಳಿಸಿದೆ. ಕನಸನ್ನು ಬೀದಿಗೆ ತಂದರೆ ಪ್ರತಿಯೊಬ್ಬರೂ ತಮ್ಮ ಭಯವನ್ನು ಅದಕ್ಕೆ ಸೇರಿಸುತ್ತಾರೆ ಎಂಬ ಅರಿವು ಆ ವಿಧಿಯ ಹಿಂದಿರಬೇಕೆಂದು ನನಗೆ ತೋರುತ್ತದೆ.

ದೇಹದ ಪ್ರಶ್ನೆಗಳಿಗೆಲ್ಲ ಉತ್ತರ ಸಮಾಧಾನಕರವಾಗಿತ್ತು. ಎಚ್ಚರವಾದ ಐದು ನಿಮಿಷಗಳಲ್ಲಿ ಉಸಿರು, ಎದೆಬಡಿತ ಸರಿಹೋಗುತ್ತಿದ್ದವು. ದಿನಚರಿ ಕೇಳಿದೆ. ರಾತ್ರಿ ಹತ್ತೂವರೆಗೆ ಊಟ, ಅದೂ ಕೆಲವು ದಿನ ಮಂಡಕ್ಕಿ ಮಿರ್ಚಿಯಲ್ಲೇ ಮುಗಿಯುತ್ತಿತ್ತು. ದಿನಕ್ಕೆ ಐದು ಲೋಟ ಚಹಾ, ಕೊನೆಯದು ರಾತ್ರಿ ಒಂಬತ್ತಕ್ಕೆ. ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಏಳುವುದು. ಕನಸಿನ ಅವಧಿ ಉದ್ದವಾಗುವ ಹೊತ್ತಿನಲ್ಲಿಯೇ, ಅಲಾರಂ ಹೊಡೆದೀತೆಂಬ ಆತಂಕದಲ್ಲಿ ನಿದ್ರೆ ತೆಳುವಾಗುತ್ತಿತ್ತು. ಕನಸು ಬೀಳುವುದು ಎಲ್ಲರಿಗೂ ಇದ್ದದ್ದೇ. ನಡುವೆ ಎಚ್ಚರವಾಗುವುದರಿಂದ ಅದು ಅವಳ ನೆನಪಿನಲ್ಲಿ ಉಳಿಯುತ್ತಿತ್ತು.

ಬಳಿಕ ಕನಸಿನ ಬಗ್ಗೆ ಕೇಳಿದೆ. ದುರ್ಗದ ಮೆಟ್ಟಿಲೇ ಏಕೆ? ಒಂಬತ್ತನೆಯ ವಯಸ್ಸಿನಲ್ಲಿ ಜಾತ್ರೆಯ ನೂಕುನುಗ್ಗಲಿನಲ್ಲಿ ಅದೇ ಮೆಟ್ಟಿಲುಗಳ ಮೇಲೆ ತಂದೆಯ ಕೈ ತಪ್ಪಿ, ಕೆಳಗೆ ನೋಡಿ ಅಳುತ್ತ ನಿಂತಿದ್ದಳಂತೆ. ಅಂದಿನಿಂದ ಎತ್ತರವೆಂದರೆ ಅಂಜಿಕೆ; ಮನೆಯ ಮಾಳಿಗೆಯ ಅಂಚಿಗೂ ಹೋಗುವುದಿಲ್ಲ. ಇದು ಚರಕರು ಹೇಳಿದ ಅನುಭೂತ. ಪರೀಕ್ಷೆಯ ಬಯಕೆ ಪ್ರಾರ್ಥಿತ. ಬೆಟ್ಟ ಮತ್ತು ಬಯಕೆ ಒಂದಾಗುವುದು ನಮ್ಮ ಮಾತಿನಲ್ಲಿಯೇ ಇದೆ. ಗೆದ್ದವನನ್ನು ಮೇಲೆ ಬಂದ ಎನ್ನುತ್ತೇವೆ, ಸೋತವನನ್ನು ಬಿದ್ದುಹೋದ ಎನ್ನುತ್ತೇವೆ. ಇದೇ ಉಚ್ಚಂಗಿ ಕೋಟೆಯನ್ನು 12ನೇ ಶತಮಾನದಲ್ಲಿ ಗೆದ್ದ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಗಿರಿದುರ್ಗಮಲ್ಲನೆಂಬ ಬಿರುದನ್ನು ಧರಿಸಿದ. ಎತ್ತರವನ್ನು ಗೆಲ್ಲುವುದೇ ಹಿರಿಮೆಯ ಗುರುತಾಗಿರುವ ಈ ನೆಲದಲ್ಲಿ, ಮಹತ್ವಾಕಾಂಕ್ಷೆಯುಳ್ಳ ಹುಡುಗಿಯ ಕನಸಿಗೆ ಬೇರೆ ಯಾವ ಚಿತ್ರ ಸಿಕ್ಕೀತು?

ಆಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ತಾಯಿ, ಆ ಮೆಟ್ಟಿಲು ಮುಗಿಯುವಲ್ಲಿ, ಮೇಲೆ ಯಾರಿದ್ದಾರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಮ್ಯಾಲೆ ಯಾರೂ ಇಲ್ರೀ. ನಮ್ಮೋರು ಎಲ್ಲಾರೂ ಕೆಳಗೇ ಇರ್ತಾರೆ. ಅವ್ವ ಒಬ್ಬಾಕೇನೇ ನಿಂತಿರ್ತಾಳೆ."

ಅನುತ್ತೀರ್ಣಳಾಗುವ ಭಯವೆಂದು ನಾನೂ ಊಹಿಸಿದ್ದೆ. ಅದು ಹಾಗಿರಲಿಲ್ಲ. ತಂದೆ ತೀರಿಕೊಂಡು ಮೂರು ವರ್ಷವಾಗಿತ್ತು. ಉತ್ತೀರ್ಣಳಾದರೆ ದೂರದ ಊರಿಗೆ ಹೋಗಬೇಕು, ತಾಯಿ ಒಂಟಿಯಾಗುತ್ತಾಳೆ. ಅವಳು ಹೆದರಿದ್ದು ಬೀಳುವುದಕ್ಕಲ್ಲ, ತಲುಪುವುದಕ್ಕೆ. ಕೆಳಗಿನ ಮೆಟ್ಟಿಲುಗಳು ಮಾಯವಾಗುತ್ತಿದ್ದುದರ ಅರ್ಥ ಅವಳಿಗೇ ಆಗ ಹೊಳೆಯಿತು. ಪಕ್ಕದಲ್ಲಿದ್ದ ತಾಯಿ ಕಣ್ಣೊರೆಸಿಕೊಂಡು, "ನಾನೇನ್ ಸಣ್ಣ ಹುಡುಗೀನಾ? ನೀ ಹೋಗು, ನಾ ಹಿಂದಿಂದ ಬರ್ತೀನಿ" ಎಂದರು. ಆ ಅರ್ಥವನ್ನು ನಾನು ಹೇಳಿದ್ದರೆ ಅದು ಇನ್ನೊಂದು ಭವಿಷ್ಯವಾಣಿಯಾಗುತ್ತಿತ್ತು. ಕನಸಿನ ಅರ್ಥವನ್ನು ಕಂಡವರೇ ಹೇಳಬೇಕು. ವೈದ್ಯನ ಕೆಲಸ ಕೇಳುವುದು. ಇದೇ ಕನಸು ಇನ್ನೊಬ್ಬರಿಗೆ ಬಿದ್ದರೆ ಅದರ ಅರ್ಥ ಬೇರೆಯೇ ಇರುತ್ತದೆ.

ಮಾಡಿದ ಚಿಕಿತ್ಸೆ

ಮೊದಲನೆಯದು ನಿದ್ರೆಯ ಕ್ರಮ. ರಾತ್ರಿ ಎಂಟಕ್ಕೆ ಬಿಸಿಯಾದ ಊಟ, ಮಧ್ಯಾಹ್ನ ಎರಡರ ನಂತರ ಚಹಾ ಇಲ್ಲ. ಹತ್ತಕ್ಕೆ ಮಲಗುವ ಮುನ್ನ ಬೆಚ್ಚಗಿನ ಎಳ್ಳೆಣ್ಣೆಯನ್ನು ಎರಡೂ ಅಂಗಾಲುಗಳಿಗೆ ಐದೈದು ನಿಮಿಷ ತಿಕ್ಕುವುದು. ನೆಲದ ಮೇಲೆ ಜಾರಿ ಬೀಳದಂತೆ ಎಣ್ಣೆಯನ್ನು ಒರೆಸಿ ಮಲಗುವುದು. ಅರ್ಧ ಲೋಟ ಬಿಸಿ ಎಮ್ಮೆಯ ಹಾಲು. ನಿದ್ರೆ ಬಾರದವರಿಗೆ ಎಮ್ಮೆಯ ಹಾಲು ಹಿತವೆಂದು ಚರಕರು ಹೇಳಿದ್ದಾರೆ. ಕಫದವರಿಗೂ ಜೀರ್ಣಶಕ್ತಿ ಮಂದವಾಗಿರುವವರಿಗೂ ನಾನು ಅದನ್ನು ಹೇಳುವುದಿಲ್ಲ. ಏಳುವುದು ಐದಕ್ಕೆ. ಓದಿನ ಅವಧಿ ಕಡಿಮೆಯಾಯಿತೆಂದು ಅವಳು ಅಳುಕಿದಳು. ನಾಲ್ಕೂವರೆ ಗಂಟೆಯ ನಿದ್ರೆಯಲ್ಲಿ ಓದಿದ್ದು ನೆನಪಿನಲ್ಲಿ ನಿಲ್ಲುತ್ತಿದೆಯೇ ಎಂದು ಕೇಳಿದೆ. ಇಲ್ಲವೆಂದಳು.

ಎರಡನೆಯದು ಕನಸನ್ನು ಹಗಲಿನಲ್ಲಿ ತಿದ್ದುವುದು. ಪದೇ ಪದೇ ಬೀಳುವ ಭಯದ ಕನಸಿಗೆ ನಿದ್ರಾವೈದ್ಯರು ಬಳಸುವ ಸರಳ ಅಭ್ಯಾಸವಿದು. ಕನಸನ್ನು ಕಾಗದದ ಮೇಲೆ ಬರೆದು, ಅದರಲ್ಲಿ ತನಗೆ ಬೇಕಾದ ಬದಲಾವಣೆ ಮಾಡಿ, ಬದಲಾದ ಕನಸನ್ನು ಪ್ರತಿದಿನ ಹಗಲು ಹತ್ತು ನಿಮಿಷ ಕಣ್ಣುಮುಚ್ಚಿ ಕಲ್ಪಿಸಿಕೊಳ್ಳುವುದು. ಬದಲಾವಣೆಯನ್ನು ವೈದ್ಯ ಹೇಳಬಾರದು. ಅವಳು ತಾನು ಮೇಲೆ ತಲುಪಿದಂತೆ ಬರೆಯಲಿಲ್ಲ. ಮೆಟ್ಟಿಲಿನ ಮೇಲೆ ಕುಳಿತು, ಚೀಲ ಇಳಿಸಿ, ಕೆಳಗಿನಿಂದ ತಾಯಿ ಬರುವವರೆಗೆ ಕಾಯುವಂತೆ ಬರೆದಳು.

ಮೂರನೆಯದು ಎತ್ತರದ ಅಂಜಿಕೆ. ನಾವು ನಿಂತಾಗ ಬೀಳದಂತೆ ತಡೆಯುವುದು ಮೂರರ ಸಹಕಾರ: ಕಣ್ಣು, ಒಳಗಿವಿ, ಅಂಗಾಲು ಮತ್ತು ಕೀಲುಗಳ ಸ್ಪರ್ಶ. ಕಣ್ಣು ಹತ್ತಿರದ ಕದಲದ ವಸ್ತುಗಳನ್ನು ನೋಡಿ ದೇಹದ ಸಣ್ಣ ತೂಗಾಟವನ್ನು ತಿದ್ದುತ್ತಿರುತ್ತದೆ. ಎತ್ತರದ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಹತ್ತಿರ ಯಾವ ವಸ್ತುವೂ ಇರುವುದಿಲ್ಲ, ಆದ್ದರಿಂದ ತೂಗಾಟ ಹೆಚ್ಚಾದಂತೆನಿಸುತ್ತದೆ. ಇಷ್ಟು ಎಲ್ಲರಿಗೂ ಆಗುವುದು. ಕೈಯನ್ನು ಗೋಡೆಗೆ ತಾಗಿಸಿ ಹತ್ತಿರದ ಕಲ್ಲನ್ನು ನೋಡಿದರೆ ಇದು ಕಡಿಮೆಯಾಗುತ್ತದೆ. ಇದರ ಮೇಲೆ ಹಳೆಯ ಭಯ ಸೇರಿದರೆ ಅಂಜಿಕೆಯ ರೋಗವಾಗುತ್ತದೆ. ಓಡಿಹೋದಷ್ಟೂ ಅದು ಬಲಿಯುತ್ತದೆ.

ಆದ್ದರಿಂದ ಜಾತ್ರೆಯಿಲ್ಲದ ದಿನಗಳಲ್ಲಿ, ಬಿಸಿಲೇರುವ ಮೊದಲು, ತಾಯಿಯೊಡನೆ ದುರ್ಗಕ್ಕೆ ಹೋಗಲು ಹೇಳಿದೆ. ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಅಂಕ ಐದಕ್ಕೆ ಏರಿದ ಮೆಟ್ಟಿಲಿನಲ್ಲಿ ನಿಲ್ಲಬೇಕು. ಅಲ್ಲಿಂದ ಕೂಡಲೇ ಇಳಿಯಬಾರದು. ಇಳಿದರೆ ಇಳಿದದ್ದರಿಂದಲೇ ಬದುಕಿದೆ ಎಂದು ಮನಸ್ಸು ಕಲಿಯುತ್ತದೆ. ಅಂಕ ಎರಡಕ್ಕೆ ಇಳಿಯುವವರೆಗೆ ನಿಂತು, ಆಮೇಲೆ ಇಳಿಯಬೇಕು. ಮುಂದಿನ ಸಲ ಅಲ್ಲಿಂದ ಮುಂದಕ್ಕೆ. ಮೊದಲ ದಿನ ಇಪ್ಪತ್ತೆರಡನೆಯ ಮೆಟ್ಟಿಲಿನಲ್ಲಿ ಇಪ್ಪತ್ತು ನಿಮಿಷ ನಿಂತಳು. ವಾರಕ್ಕೆರಡು ಸಲದಂತೆ ಐದು ವಾರಗಳಲ್ಲಿ ದೇವಿಯ ಗುಡಿ ತಲುಪಿದಳು. ತಲೆಸುತ್ತು ಕುಳಿತಾಗಲೂ ಬರುವವರು, ಎದೆನೋವಿರುವವರು, ಮೊಣಕಾಲು ಸೋತವರು ಈ ಅಭ್ಯಾಸಕ್ಕೆ ಇಳಿಯಬಾರದು. ಅವರಿಗೆ ಮೊದಲು ತಪಾಸಣೆ ಅಗತ್ಯ.

ನಿದ್ರೆಯ ದಿನಚರಿಯನ್ನು ಅವಳು ಕ್ರಮವಾಗಿ ಬರೆದಿಟ್ಟಿದ್ದಳು. ಮೊದಲ ಎರಡು ವಾರಗಳಲ್ಲಿ ಕನಸು ಐದು ಸಲ ಬಿದ್ದಿತ್ತು, ಮುಂದಿನ ಎರಡು ವಾರಗಳಲ್ಲಿ ಎರಡು ಸಲ. ಅದರಲ್ಲಿ ಕೊನೆಯದರಲ್ಲಿ ಅವಳು ಮೆಟ್ಟಿಲಿನ ಮೇಲೆ ಕುಳಿತಿದ್ದಳು; ತಾಯಿ ಬಂದರೋ ಇಲ್ಲವೋ ನೆನಪಿಲ್ಲ, ಆದರೆ ಬೆವರಿರಲಿಲ್ಲ. ಅರ್ಜಿಯನ್ನು ಕೊನೆಯ ದಿನಕ್ಕೆ ಮುಂಚೆಯೇ ಸಲ್ಲಿಸಿದ್ದಳು. ಆ ವರ್ಷ ಅವಳು ಉತ್ತೀರ್ಣಳಾಗಲಿಲ್ಲ. ಕನಸು ನಿಜವಾಯಿತೆಂದು ಊರಿನಲ್ಲಿ ಕೆಲವರು ಅಂದರಂತೆ. ಅವಳು ಅದಕ್ಕೆ ಉತ್ತರಿಸದೆ ಮತ್ತೆ ಓದಲು ಕುಳಿತಳು. ಎರಡನೆಯ ಬಾರಿಗೆ ಅರ್ಜಿ ಹಾಕುವ ಮುನ್ನ ನನ್ನನ್ನು ನೋಡಲು ಬಂದಾಗ ಕನಸಿನ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಸದ್ಭಕ್ತರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಏರುವ ಕನಸು ಕಂಡು ಬೆದರಿ ಎದ್ದರೆ ಫಲ ಹೇಳುವ ಆತುರ ಬೇಡ. ಎಬ್ಬಿಸಿ ಕೂರಿಸಿ, ಒಂದು ಗುಟುಕು ನೀರು ಕೊಡಿ, ಗಡಿಯಾರ ನೋಡಿ. ಉಸಿರು ಐದು ನಿಮಿಷಗಳಲ್ಲಿ ಇಳಿಯಿತೇ, ಪಾದಗಳು ಊದಿವೆಯೇ ಎಂದು ಗಮನಿಸಿ. ಉಸಿರು ಇಳಿಯದೆ ಉಳಿದರೆ, ಎದೆ ನೋಯುತ್ತಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರು ಇಳಿದರೆ ಮಲಗಲು ಬಿಡಿ. ಮರುದಿನ ಹಗಲಿನಲ್ಲಿ, ಇಬ್ಬರೇ ಇರುವಾಗ, ಮೇಲೆ ಯಾರಿದ್ದರು, ಕೆಳಗೆ ಯಾರಿದ್ದರು ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ.